ಕಂಟ್ರೋಲ್ ಚಾರ್ಟ್ ಲೆಕ್ಕ: ಮೊದಲು ರೇಂಜ್, ಆಮೇಲೆ ಸರಾಸರಿ

ಎಂಜಿನಿಯರಿಂಗ್, ಡಿಪ್ಲೊಮಾ ಪರೀಕ್ಷೆಗಳಲ್ಲಿ ಕಂಟ್ರೋಲ್ ಚಾರ್ಟ್ ಪ್ರಶ್ನೆಗೆ ಜಾಸ್ತಿ ಅಂಕ ಇರುತ್ತದೆ. ಸೂತ್ರ ಗೊತ್ತಿದ್ದವರೂ ಇಲ್ಲಿ ಅಂಕ ಕಳೆದುಕೊಳ್ಳುವುದು ತೀರ್ಮಾನ ಬರೆಯುವಾಗ. ಒಂದು ಲೆಕ್ಕ ಮಾಡಿಯೇ ನೋಡೋಣ.

ಬೆಳಗಾವಿಯ ಉದ್ಯಮಬಾಗ್‌ನ ಒಂದು ವರ್ಕ್‌ಶಾಪ್‌ನಲ್ಲಿ ಲೇತ್ ಮೇಲೆ ಶಾಫ್ಟ್ ತಯಾರಾಗುತ್ತಿದೆ ಎಂದುಕೊಳ್ಳಿ. ಡ್ರಾಯಿಂಗ್ ಪ್ರಕಾರ ವ್ಯಾಸ 25.00 ± 0.05 ಮಿ.ಮೀ. ಐದೈದು ಶಾಫ್ಟ್‌ಗಳ 10 ಸ್ಯಾಂಪಲ್ ಅಳೆದಿದ್ದಾರೆ. ಸರಾಸರಿಗಳ ಮೊತ್ತ 250.20, ರೇಂಜ್‌ಗಳ ಮೊತ್ತ 0.40. ಏಳನೆಯ ಸ್ಯಾಂಪಲ್‌ನ ಸರಾಸರಿ 25.048, ರೇಂಜ್ 0.04. ಉಳಿದ ಸರಾಸರಿಗಳೆಲ್ಲ 25.000 ಮತ್ತು 25.035ರ ನಡುವೆ ಇವೆ. ಯಾವ ರೇಂಜೂ 0.08 ದಾಟಿಲ್ಲ.

ಸರಾಸರಿಗಳ ಸರಾಸರಿ 25.02, ಸರಾಸರಿ ರೇಂಜ್ 0.04. ಈಗ ರೇಂಜ್ ಚಾರ್ಟನ್ನೇ ಮೊದಲು ಹಾಕಿ. ಸರಾಸರಿ ಚಾರ್ಟಿನ ಮಿತಿಗಳು ಈ ರೇಂಜ್‌ನಿಂದಲೇ ಹುಟ್ಟುತ್ತವೆ. ರೇಂಜ್ ಹದ ತಪ್ಪಿದ್ದರೆ ಆ ಮಿತಿಗಳನ್ನು ನಂಬುವಂತಿಲ್ಲ, ಅಲ್ವಾ? ಐದರ ಸ್ಯಾಂಪಲ್‌ಗೆ ಟೇಬಲ್‌ನಲ್ಲಿ D4 = 2.114, D3 = 0.

```
UCL(R) = 2.114 × 0.04 = 0.085
LCL(R) = 0
```

ಎಲ್ಲ ರೇಂಜ್‌ಗಳೂ ಒಳಗಿವೆ. ಈಗ ಸರಾಸರಿ ಚಾರ್ಟ್, A2 = 0.577.

```
UCL = 25.02 + 0.577 × 0.04 = 25.043
LCL = 25.02 − 0.577 × 0.04 = 24.997
```

ಏಳನೆಯ ಬಿಂದು 25.048, ಅಂದರೆ ಮಿತಿಯ ಹೊರಗೆ. ಇಲ್ಲೇ ಹಲವರು ಎಡವುತ್ತಾರೆ. ಡ್ರಾಯಿಂಗ್ 25.05ವರೆಗೆ ಒಪ್ಪುತ್ತದೆ, ಆದ್ದರಿಂದ ಸರಿಯಿದೆ ಎಂದು ಬರೆದುಬಿಡುತ್ತಾರೆ. ಡ್ರಾಯಿಂಗ್ ಮಿತಿ ಒಂದೊಂದು ಶಾಫ್ಟಿಗೆ. ಕಂಟ್ರೋಲ್ ಮಿತಿ ಐದರ ಸರಾಸರಿಗೆ, ಅದು ಲೇತ್‌ನ ಸ್ವಂತ ನಡೆಯಿಂದ ಬಂದದ್ದು. ಎರಡನ್ನೂ ಒಂದೇ ಚಾರ್ಟಿನ ಮೇಲೆ ಎಳೆಯಲೇಬೇಡಿ.

ಹೊರಗೆ ಬಿದ್ದ ಬಿಂದುವನ್ನು ಸುಮ್ನೆ ಅಳಿಸುವಂತಿಲ್ಲ. ಟೂಲ್ ಸವೆದಿತ್ತೇ, ಆಪರೇಟರ್ ಬದಲಾದರೇ, ಮೈಕ್ರೋಮೀಟರ್ ಸರಿಯಿತ್ತೇ ಎಂದು ಹುಡುಕಲು ಮೀನಿನ ಮೂಳೆ ಚಿತ್ರ ಇದೆ. ಹಿಸ್ಟೋಗ್ರಾಂ ಇಲ್ಲಿ ನೆರವಾಗದು. ಅಳತೆಗಳು ಯಾವ ಕ್ರಮದಲ್ಲಿ ಬಂದವು ಎಂಬುದು ಅದರಲ್ಲಿ ಉಳಿಯುವುದಿಲ್ಲ, ಹಾಗಾಗಿ ಏಳನೆಯ ಸ್ಯಾಂಪಲ್ ಎಲ್ಲರೊಳಗೆ ಕಲೆತುಹೋಗುತ್ತದೆ.

ಕಾರಣ ಸಿಕ್ಕಿ ಸರಿಪಡಿಸಿದ್ದಾರೆ ಎಂದು ಪ್ರಶ್ನೆಯಲ್ಲಿದ್ದರೆ ಮಾತ್ರ ಆ ಸ್ಯಾಂಪಲ್ ಬಿಟ್ಟು ಮತ್ತೆ ಲೆಕ್ಕ ಹಾಕಿ. ಒಂಬತ್ತರ ಸರಾಸರಿ 225.152 ÷ 9 = 25.017. ಸರಾಸರಿ ರೇಂಜ್ 0.36 ÷ 9, ಮತ್ತೆ 0.04. ಹೊಸ ಮಿತಿಗಳು 25.040 ಮತ್ತು 24.994. ಉಳಿದ ಬಿಂದುಗಳೆಲ್ಲ ಒಳಗಿವೆ.

ಪ್ರೊಸೆಸ್ ಕೇಪಬಿಲಿಟಿ ಕೇಳಿದ್ದರೆ ಇನ್ನೊಂದು ಹೆಜ್ಜೆ ಬಾಕಿ. ಐದರ ಸ್ಯಾಂಪಲ್‌ಗೆ ಟೇಬಲ್‌ನಲ್ಲಿ d2 = 2.326, ಡ್ರಾಯಿಂಗ್‌ನ ಎರಡು ಮಿತಿಗಳ ನಡುವಿನ ಅಂತರ 0.10.

```
σ = 0.04 / 2.326 = 0.0172
Cp = 0.10 / (6 × 0.0172) = 0.97
```

ಒಂದಕ್ಕಿಂತ ಕಡಿಮೆ. ಅಂದರೆ ಲೇತ್ ಹತೋಟಿಯಲ್ಲಿದ್ದರೂ ಡ್ರಾಯಿಂಗ್ ಬೇಡುವಷ್ಟು ನಿಖರವಾಗಿಲ್ಲ. ಸರಾಸರಿ 25.017ಕ್ಕೆ ಸರಿದಿರುವುದರಿಂದ ದಪ್ಪ ಶಾಫ್ಟ್‌ಗಳೇ ಹೆಚ್ಚು ತಿರಸ್ಕೃತವಾಗುತ್ತವೆ. ಸೆಟ್ಟಿಂಗ್ ಬದಲಿಸಿ ವ್ಯಾಸವನ್ನು 0.017 ಮಿ.ಮೀ. ಇಳಿಸಿದರೆ ಆ ಸಂಖ್ಯೆ ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಈ ಎರಡು ಮಾತನ್ನೂ ಉತ್ತರದಲ್ಲಿ ಬರೆಯಿರಿ.