ಕರುಳು ಕಿವುಚುವ ಮಾತು ಬೇಡ, ಅನ್ನದಲ್ಲಿ ಸಿಕ್ಕ ಕಲ್ಲು ಸಾಕು

ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವ ಬರಹದ ಮೊದಲ ಕರಡು ಸಾಮಾನ್ಯವಾಗಿ ಕಣ್ಣೀರಿನಲ್ಲಿ ನೆಂದಿರುತ್ತದೆ. ಬರೆಯುವಾಗ ಅದು ತಪ್ಪಲ್ಲ. ಆದರೆ ಓದುಗರಿಗೆ ಕೊಡುವ ಮುನ್ನ ಆ ಕರಡನ್ನು ಹಿಂಡಿ ಒಣಗಿಸಬೇಕು. ಅದು ಹೇಗೆ ಎಂಬುದನ್ನು ಒಂದು ಮಾದರಿ ಪ್ಯಾರಾ ಇಟ್ಟುಕೊಂಡು ನೋಡೋಣ. ತಾಯಿಯ ಕಣ್ಣಿನ ಪೊರೆಯ ಆಪರೇಷನ್ ಮುಂದೂಡಿದ ಮಗನೊಬ್ಬ ಹೀಗೆ ಬರೆದಿದ್ದಾನೆ ಎಂದುಕೊಳ್ಳಿ:

"ಅಮ್ಮನ ಕಣ್ಣು ಮಂಜಾಗುತ್ತಾ ಬಂದಿತ್ತು. ಆದರೆ ಆ ಮಮತಾಮಯಿಯ ನೋವನ್ನು ಅರಿಯದ ಪಾಪಿ ನಾನು, ಆಪರೇಷನ್ ಮುಂದೂಡುತ್ತಲೇ ಹೋದೆ... ಈಗ ನೆನೆದರೆ ಕರುಳು ಕಿವುಚಿದಂತಾಗುತ್ತದೆ. ಪಶ್ಚಾತ್ತಾಪದ ಬೆಂಕಿಯಲ್ಲಿ ಪ್ರತಿಕ್ಷಣ ಬೇಯುತ್ತಿದ್ದೇನೆ. ಅಮ್ಮಾ, ನನ್ನನ್ನು ಕ್ಷಮಿಸುವೆಯಾ?!"

ಮೊದಲು ಪೆನ್ಸಿಲ್ ಹಿಡಿಯಿರಿ

ಕರಡನ್ನು ನಾಲ್ಕೈದು ದಿನ ಮುಚ್ಚಿಟ್ಟು, ಆಮೇಲೆ ಕಾಗದದ ಮೇಲೆ ಪ್ರಿಂಟ್ ತೆಗೆದು ಓದಿ. ಭಾವದ ಹೆಸರು ಬಂದಲ್ಲೆಲ್ಲ ಅಡಿಗೆರೆ ಎಳೆಯಿರಿ: ನೋವು, ದುಃಖ, ಸಂಕಟ, ಪಶ್ಚಾತ್ತಾಪ. ಎದೆ ಒಡೆಯಿತು, ಕಣ್ಣು ತುಂಬಿ ಬಂತು, ಕರುಳು ಕಿವುಚಿತು ಎಂಬಂಥ ಸಿದ್ಧ ನುಡಿಗಟ್ಟುಗಳಿಗೆ ಸುತ್ತು ಹಾಕಿ. ಮೂರು ಚುಕ್ಕೆ, ಉದ್ಗಾರ ಚಿಹ್ನೆ, ಉತ್ತರ ಬೇಡದ ಪ್ರಶ್ನೆಗಳನ್ನೂ ಗುರುತಿಸಿ.

ಮೇಲಿನ ಪ್ಯಾರಾಕ್ಕೆ ಇದನ್ನು ಮಾಡಿದರೆ ಗುರುತು ಬೀಳದೆ ಉಳಿಯುವ ಸಂಗತಿಗಳು ಎರಡೇ: ಕಣ್ಣು ಮಂಜಾಯಿತು, ಆಪರೇಷನ್ ಮುಂದೆ ಹೋಯಿತು. ಉಳಿದದ್ದೆಲ್ಲ ಬರೆದವನ ನರಳಾಟ. ತಾಯಿಗೆ ಏನಾಯಿತು, ಮಗ ಏನು ಮಾಡಿದ ಎಂಬುದು ಓದುಗರಿಗೆ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದ ಸಂಗತಿಗೆ ಯಾರೂ ಮರುಗಲಾರರು.

ನಮ್ಮ ಕಾವ್ಯಮೀಮಾಂಸಕರು ಇದನ್ನು ಬಹಳ ಹಿಂದೆಯೇ ಕಂಡಿದ್ದರು. ಸಂಸ್ಕೃತದ ಮಮ್ಮಟ ತನ್ನ ಕಾವ್ಯಪ್ರಕಾಶ ಎಂಬ ಗ್ರಂಥದ 7ನೇ ಉಲ್ಲಾಸದಲ್ಲಿ, ಅಂದರೆ ಅಧ್ಯಾಯದಲ್ಲಿ, ರಸದೋಷಗಳನ್ನು ಪಟ್ಟಿ ಮಾಡುವಾಗ, ರಸವನ್ನೂ ಭಾವವನ್ನೂ ಅದರದರ ಹೆಸರಿನಿಂದಲೇ ಹೇಳಿಬಿಡುವುದನ್ನು ಮೊದಲಿಗೇ ಇಡುತ್ತಾನೆ. ಶೋಕ ಎಂದು ಬರೆದ ಮಾತ್ರಕ್ಕೆ ಶೋಕ ಹುಟ್ಟುವುದಿಲ್ಲ. ಅದಕ್ಕೆ ಕಾರಣವಾದದ್ದು ವಿಭಾವ, ಮೈಯಲ್ಲಿ ನಡೆಯಲ್ಲಿ ಅದು ಕಾಣಿಸಿಕೊಂಡ ಬಗೆ ಅನುಭಾವ. ಇವೆರಡನ್ನು ತೋರಿಸಿದರೆ ಭಾವ ಓದುಗನಲ್ಲಿ ತಾನಾಗಿ ಏಳುತ್ತದೆ. ತಿದ್ದುವವರಿಗೆ ಇದಕ್ಕಿಂತ ಕೈಗೆ ಬರುವ ಸಲಕರಣೆ ಇನ್ನೊಂದಿಲ್ಲ.

ಗುರುತು ಮಾಡಿದಲ್ಲಿ ಕೇಳಬೇಕಾದ ಪ್ರಶ್ನೆ

ಪ್ರತಿ ಅಡಿಗೆರೆಯ ಪಕ್ಕ ಎರಡು ಪ್ರಶ್ನೆ ಬರೆದುಕೊಳ್ಳಿ. ಇದು ಯಾವ ದಿನ, ಯಾವ ಜಾಗದಲ್ಲಿ ಕಣ್ಣಿಗೆ ಬಿತ್ತು? ಆಗ ಯಾರ ಕೈ ಏನು ಮಾಡುತ್ತಿತ್ತು? ಉತ್ತರ ನೆನಪಾಗದಿದ್ದರೆ ಕಟ್ಟಬೇಡಿ, ಹುಡುಕಿ. ಹಳೆಯ ಆಸ್ಪತ್ರೆ ಚೀಟಿ, ಮೊಬೈಲಿನ ಫೋಟೊ, ಬಸ್ ಟಿಕೆಟ್ಟಿನ ಮೆಸೇಜು, ಅಕ್ಕನ ನೆನಪು ಎಲ್ಲವೂ ನೆರವಿಗೆ ಬರುತ್ತವೆ. ಕಟ್ಟಿದ ವಿವರ ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತದೆ. ಪೊರೆ ಬಂದ ತಾಯಿ ಚೆನ್ನಾಗಿ ಕಾಣಲೆಂದು ಸುಡುಬಿಸಿಲಿಗೆ ಹೋಗಿ ಕೂತಳು ಎಂದು ಊಹಿಸಿ ಬರೆದರೆ, ಪೊರೆ ಇರುವ ಅನೇಕರಿಗೆ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ ಎಂದು ಬಲ್ಲವರು ಅಲ್ಲೇ ನಿಲ್ಲುತ್ತಾರೆ. ಅವಳು ನಿಜಕ್ಕೂ ಹಾಗೆ ಕೂತಿದ್ದರೆ ಬರೆಯಿರಿ, ಇಲ್ಲದಿದ್ದರೆ ಬೇಡ.

ಸಿಕ್ಕ ವಿವರಗಳಲ್ಲಿ ಒಂದನ್ನೋ ಎರಡನ್ನೋ ಮಾತ್ರ ಆರಿಸಿ. ಹರಿದ ಸೀರೆ, ಸುರಿಯುವ ಮಳೆ, ಆರಿದ ದೀಪ ಮೊದಲೇ ಅಳುತ್ತಾ ಬರುವ ವಸ್ತುಗಳು. ಅವೂ ಸಿದ್ಧ ನುಡಿಗಟ್ಟುಗಳೇ. ಒಳ್ಳೆಯ ವಿವರಕ್ಕೆ ಅದರದೇ ಆದ ದಿನನಿತ್ಯದ ಕೆಲಸ ಇರುತ್ತದೆ, ಆ ಹೊತ್ತಿನಲ್ಲಿ ಅದು ಯಾರಿಗೂ ದುಃಖದ ವಸ್ತುವಾಗಿ ಕಂಡಿರುವುದಿಲ್ಲ. ಕೆಳಗಿನ ತಿದ್ದಿದ ಪ್ಯಾರಾದಲ್ಲಿ ಬರುವ, ಅನ್ನದಲ್ಲಿ ಸಿಕ್ಕ ಕಲ್ಲು ಅಂಥದ್ದು. ಅದು ಸಿಕ್ಕಾಗ ಮಗನಿಗೆ ಬಂದದ್ದು ಮರುಕವಲ್ಲ, ಸಿಟ್ಟು.

ತಿದ್ದಿದ ಪ್ಯಾರಾ

"ದಸರೆಗೆ ಊರಿಗೆ ಹೋದಾಗ ಅನ್ನದಲ್ಲಿ ಕಲ್ಲು ಸಿಕ್ಕಿತು. ಎರಡನೇ ತುತ್ತಿಗೆ ಇನ್ನೊಂದು. 'ಏನಮ್ಮ, ಅಕ್ಕಿ ಆರಿಸೋದೂ ಬಿಟ್ಬಿಟ್ಯಾ?' ಎಂದು ತಟ್ಟೆ ತಳ್ಳಿದೆ. ಅಮ್ಮ ತಟ್ಟೆ ಎತ್ತಿಕೊಂಡು ಹೋಗಿ ದೋಸೆ ಹುಯ್ದು ತಂದಳು. ಮರುದಿನ ಬೆಳಿಗ್ಗೆ ಎದ್ದರೆ ಮೊರವನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು ಅಕ್ಕಿಯನ್ನು ಬೆರಳಲ್ಲಿ ಸವರಿ ಸವರಿ ಕಲ್ಲು ಹುಡುಕುತ್ತಿದ್ದಳು. ಡಾಕ್ಟರು ಆಪರೇಷನ್ನಿಗೆ ಬರೆದುಕೊಟ್ಟು ಎಂಟು ತಿಂಗಳಾಗಿತ್ತು. 'ಆಫೀಸಲ್ಲಿ ರಜೆ ಸಿಗ್ತಿಲ್ಲಮ್ಮ' ಅಂದಿದ್ದೆ. ಅದೇ ತಿಂಗಳು ಮೂರು ದಿನ ರಜೆ ಹಾಕಿ ಗೆಳೆಯರ ಜತೆ ಗೋಕರ್ಣಕ್ಕೆ ಹೋಗಿದ್ದೆ."

ಭಾವದ ಹೆಸರು ಒಂದೂ ಇಲ್ಲ. ಕಲ್ಲು ಕಾರಣ, ಬೆರಳಲ್ಲಿ ಸವರುವುದು ಅದರ ಪರಿಣಾಮ. ತಾಯಿ ಎದುರಾಡದೆ ದೋಸೆ ಹುಯ್ದದ್ದು 'ಮಮತಾಮಯಿ'ಯ ಜಾಗಕ್ಕೆ ಬಂದಿದೆ. ಕ್ರಮವನ್ನೂ ಗಮನಿಸಿ: ಡಾಕ್ಟರ ಚೀಟಿಯ ಮಾತು ಮೊದಲೇ ಬಂದಿದ್ದರೆ ಓದುಗರು ಕಲ್ಲು ಸಿಗುವ ಮುಂಚೆಯೇ ಮರುಕಕ್ಕೆ ಸಿದ್ಧರಾಗಿಬಿಡುತ್ತಿದ್ದರು. ಈಗ ಅವರೂ ಒಂದು ಕ್ಷಣ ಮಗನ ಜತೆ ಸಿಡುಕಿ, ಆಮೇಲೆ ಕಾರಣ ತಿಳಿಯುತ್ತಾರೆ.

ಹೆಚ್ಚಿನವರು ಎಡವುವುದು ಕೊನೆಯ ವಾಕ್ಯದಲ್ಲಿ. 'ಪಾಪಿ ನಾನು' ಎಂದು ಬರೆಯುವುದು ಸುಲಭ, ಗೋಕರ್ಣ ಎಂದು ಬರೆಯುವುದು ಕಷ್ಟ. ತನ್ನನ್ನು ತಾನೇ ಬೈದುಕೊಂಡರೆ ಓದುಗರು 'ಪಾಪ, ಎಷ್ಟು ನೊಂದಿದ್ದಾನೆ' ಎಂದು ಸಮಾಧಾನ ಹೇಳುತ್ತಾರೆ, ಮಾಡಿದ್ದೇನು ಎಂಬುದು ಮುಚ್ಚಿಹೋಗುತ್ತದೆ. ಹಾಗಾಗಿ ನಿಂದೆಯ ಪದ ಕಂಡಲ್ಲೆಲ್ಲ ಅದರ ಹಿಂದಿನ ಕೃತ್ಯವನ್ನು ಹುಡುಕಿ ಬರೆಯಿರಿ: ಏನು ಸುಳ್ಳು ಹೇಳಿದೆ, ಅದರಿಂದ ನನಗೇನು ಸಿಕ್ಕಿತು. ಅದನ್ನು ಬರೆಯಲು ಇನ್ನೂ ಮನಸ್ಸಿಲ್ಲವಾದರೆ ಬರಹವನ್ನೇ ಕೆಲಕಾಲ ಎತ್ತಿಡುವುದು ಒಳ್ಳೆಯದು. ಆ ಜಾಗವನ್ನು ವಿಶೇಷಣಗಳಿಂದ ತುಂಬಬೇಡಿ.

ತೀರಾ ಒಣಗಿಸಿದರೆ

ಭಾವದ ಪದವೇ ನಿಷಿದ್ಧ ಎಂದು ತಿಳಿದು ಎಲ್ಲವನ್ನೂ ಕಿತ್ತರೆ ಬರಹ ಪಂಚನಾಮೆಯಂತೆ ಓದಿಸಿಕೊಳ್ಳುತ್ತದೆ. ಮೊರ, ಕಿಟಕಿ, ತಟ್ಟೆಯ ಜತೆಗೆ ಗೋಡೆಯ ಬಣ್ಣ, ಕ್ಯಾಲೆಂಡರು, ಗಡಿಯಾರವನ್ನೂ ಸೇರಿಸಿದರೆ ಕಲ್ಲು ಕಳೆದುಹೋಗುತ್ತದೆ. ಓದುಗರು ಊಹಿಸಲಾರದ ಭಾವವಾದರೆ ಅದನ್ನು ಹೆಸರಿಸಿಯೇ ಹೇಳಬೇಕು. ಆಪರೇಷನ್ ಆದ ಮೇಲೆ ಅಮ್ಮ ಮಗನ ಮುಖವನ್ನು ಸರಿಯಾಗಿ ನೋಡಿದಾಗ ಅವನಿಗೆ ಖುಷಿಯ ಬದಲು ಹೆದರಿಕೆ ಆಗಿದ್ದರೆ, 'ಹೆದರಿಕೆ ಆಯಿತು' ಎಂಬ ಎರಡೇ ಪದ ಸಾಕು. ಮಾತುಕತೆಯಲ್ಲಿ ಜನ ಆಡುವ 'ಬೇಜಾರಾಯ್ತು ಕಣೋ' ಕೂಡ ಇರಲಿ. ಅದು ಆಡಿದವರದು, ನಿಮ್ಮದಲ್ಲ.

ತಿದ್ದಿದ ಮೇಲೆ ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಓದಿ. ಕ್ಷಮೆ ಕೇಳುವ, ಪಾಠ ಹೇಳುವ ಸಾಲುಗಳು ಸಾಮಾನ್ಯವಾಗಿ ಅಲ್ಲೇ ಸೇರಿಕೊಂಡಿರುತ್ತವೆ. ಅದಿಲ್ಲದೆಯೂ ಬರಹ ನಿಂತರೆ ಅಳಿಸಿಬಿಡಿ. ನಂತರ ಕಥೆ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು, 'ಚೆನ್ನಾಗಿದೆಯಾ' ಎಂದು ಕೇಳುವ ಬದಲು 'ಇವನಿಗೆ ಏನನ್ನಿಸುತ್ತಿದೆ, ಅದು ನಿಮಗೆ ಯಾವ ಸಾಲಿನಲ್ಲಿ ತಿಳಿಯಿತು' ಎಂದು ಕೇಳಿ. ಭಾವ ತಿಳಿಯಿತು, ಸಾಲು ಗೋಕರ್ಣದ್ದು ಎಂದರೆ ಮುಂದಿನ ಪುಟಕ್ಕೆ ಹೋಗಬಹುದು. 'ಅವನು ಬರೀ ಸಿಡುಕ' ಎಂದಷ್ಟೇ ಹೇಳಿದರೆ ಕಲ್ಲಿಗೂ ಚೀಟಿಗೂ ನಡುವಿನ ಕೊಂಡಿ ಕಡಿದಿದೆ. ಆ ಎರಡು ವಾಕ್ಯಗಳನ್ನು ಹತ್ತಿರ ತನ್ನಿ.