‘hru’ ಕಳಿಸುವ ಮುಂಚೆ: ನೀನೋ, ನೀವೋ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ನಡೆಸುವ ನಮ್ಮ ಸಂಬಂಧಿಕರೊಬ್ಬರ ಪಕ್ಕದಲ್ಲಿ ಒಂದು ಬೆಳಿಗ್ಗೆ ಕೂತಿದ್ದೆ. ಹರಾಜು ಶುರುವಾಗುವ ಹೊತ್ತು. ಅವರ ಫೋನಿನಲ್ಲಿ ಒಂದರ ಹಿಂದೆ ಒಂದು ಮೆಸೇಜು ಬರುತ್ತಿತ್ತು. ಅದರಲ್ಲೊಂದು ‘hru anna’, ಅಂದರೆ ‘how are you ಅಣ್ಣಾ’. ಕಳಿಸಿದವನು ಶ್ರೀನಿವಾಸಪುರದ ಕಡೆಯ ಬೆಳೆಗಾರರೊಬ್ಬರ ಮಗ. ವ್ಯಾಪಾರವನ್ನು ಅಪ್ಪನಿಂದ ಈಗಷ್ಟೇ ವಹಿಸಿಕೊಂಡ ಹುಡುಗ. ಇವರು ನೋಡಿ, ‘ಇವನಿಗೇನು ಬೇಕಂತೆ?’ ಎಂದು ಫೋನನ್ನು ಜೇಬಿಗೆ ಹಾಕಿದರು. ಹುಡುಗನಿಗೆ ಬೇಕಿದ್ದದ್ದು ರೇಟು. ಮಧ್ಯಾಹ್ನದವರೆಗೂ ಅವನಿಗೆ ಉತ್ತರ ಹೋಗಲಿಲ್ಲ.

ಆ ಹುಡುಗ ಒಳ್ಳೆಯವನು, ಮರ್ಯಾದೆ ಗೊತ್ತಿರುವವನು. ಎದುರಿಗೆ ಸಿಕ್ಕರೆ ‘ಚೆನ್ನಾಗಿದ್ದೀರಾ ಅಣ್ಣಾ’ ಎಂದು ಕೈ ಮುಗಿಯುತ್ತಾನೆ. ಫೋನಿನಲ್ಲಿ ಎಡವಿದ್ದು ಎಲ್ಲಿ? ಮೂರೇ ಅಕ್ಷರದಲ್ಲಿ.

ಈ ಮೂರು ಅಕ್ಷರ ಗುಂಡಿ ಫೋನಿನ ಕಾಲದಿಂದ ಬಂದದ್ದು. ಆಗ ಒಂದೊಂದು ಗುಂಡಿಯಲ್ಲಿ ಮೂರು ನಾಲ್ಕು ಅಕ್ಷರ ಇರುತ್ತಿದ್ದವು. ‘how are you’ ಎಂದು ಪೂರ್ತಿ ಬರೆಯಲು 22 ಸಲ ಒತ್ತಬೇಕಿತ್ತು. ‘hru’ಗೆ 7 ಸಲ ಸಾಕು. ಒಂದು ಎಸ್ಸೆಮ್ಮೆಸ್ಸಿಗೆ 160 ಇಂಗ್ಲಿಷ್ ಅಕ್ಷರಗಳ ಮಿತಿಯೂ ಇತ್ತು. ಹಾಗಾಗಿ ಉಳಿಸುವುದೇ ಜಾಣತನ. ಈಗ ಆ ತೊಂದರೆ ಇಲ್ಲ, ಅಭ್ಯಾಸ ಮಾತ್ರ ಉಳಿದಿದೆ.

ಇಂಗ್ಲಿಷಿನ ‘you’ಗೆ ಚಿಕ್ಕವರು, ದೊಡ್ಡವರು ಎಂಬ ಭೇದ ಇಲ್ಲ. ನಮಗೆ ಇದೆ. ‘ಹೇಗಿದ್ದೀಯಾ’ ಬೇರೆ, ‘ಹೇಗಿದ್ದೀರಾ’ ಬೇರೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಅಲ್ಲೂ ‘ಬಾಗುನ್ನಾವಾ’, ‘ಬಾಗುನ್ನಾರಾ’ ಎಂದು ಎರಡಿವೆ. ಕೊನೆಯ ಆ ‘ರಾ’ದಲ್ಲಿ ನಮ್ಮ ಮರ್ಯಾದೆಯೆಲ್ಲ ಕೂತಿರುತ್ತದೆ. ‘hru’ನಲ್ಲಿ ಅದನ್ನು ಇಡಲು ಜಾಗವೇ ಇಲ್ಲ. ಓದುವ ಹಿರಿಯರಿಗೆ ಅದು ‘ರಾ’ ಬಿಟ್ಟುಹೋದ ಹಾಗೆ ಕೇಳುತ್ತದೆ. ‘anna’, ‘sir’ ಎಂದು ಸೇರಿಸಿದರೂ ಅರ್ಧ ಮಾತ್ರ ಸರಿಹೋಗುತ್ತದೆ.

ಆದ್ದರಿಂದ ಮೊದಲ ಹೆಜ್ಜೆ ಇದು. ಟೈಪ್ ಮಾಡುವ ಮುಂಚೆ ಆ ವ್ಯಕ್ತಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡಿದ್ದೀರಿ ಎಂದುಕೊಳ್ಳಿ. ಬಾಯಿಗೆ ಏನು ಬರುತ್ತದೆ? ‘ಏನೋ’, ‘ಏನೇ’, ‘ಏನ್ ಮಗಾ’ ಬಂದರೆ ‘hru’, ‘wassup’, ‘sup’ ಏನು ಬೇಕಾದರೂ ಹಾಕಿ. ‘ಹೇಗಿದ್ದೀರಾ’ ಬಂದರೆ ಅದನ್ನೇ ಪೂರ್ತಿ ಬರೆಯಿರಿ. ಕನ್ನಡ ಕೀಬೋರ್ಡ್ ಇಲ್ಲದಿದ್ದರೆ ‘hegiddira’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಆಯಿತು, ‘ರಾ’ ಉಳಿಯುತ್ತದೆ.

ಇನ್ನು ಕೆಲವರ ಜೊತೆ ನೀನೋ ನೀವೋ ಎಂದೇ ತಿಳಿಯುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಪಕ್ಕದ ಮೇಜಿನಲ್ಲಿರುವ ಒಂದೆರಡು ವರ್ಷ ದೊಡ್ಡವರು, ಸ್ನೇಹಿತನ ಹೆಂಡತಿ, ದೂರದ ಸಂಬಂಧದ ಒಂದೇ ವಯಸ್ಸಿನವರು. ಇಂಥಲ್ಲಿ ತುಂಬಾ ಜನ ‘hru’ ಹಾಕುವುದು ಈ ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳಲು ಎಂದು ನನಗೆ ಅನ್ನಿಸುತ್ತದೆ. ಅದು ತಪ್ಪಲ್ಲ. ಆದರೆ ‘ನೀವು’ ಎಂದು ಶುರು ಮಾಡಿದರೆ ‘ನೀನು ಅನ್ನಿ ಸಾಕು’ ಎಂದು ಅವರೇ ಇಳಿಸುತ್ತಾರೆ. ‘ನೀನು’ ಎಂದು ಶುರು ಮಾಡಿ ಮೇಲಕ್ಕೆ ಹತ್ತುವುದು ಕಷ್ಟ, ಅಲ್ವಾ?

‘hru’ ಮತ್ತು ‘what's up’ ಒಂದೇ ಎಂದು ತಿಳಿಯಬೇಡಿ. ‘hru’ ಆರೋಗ್ಯ ಕೇಳುತ್ತದೆ, ಉತ್ತರ ‘ಚೆನ್ನಾಗಿದ್ದೀನಿ’. ‘what's up’ ಕೇಳುವುದು ಸುದ್ದಿ, ನಮ್ಮ ‘ಏನ್ ಸಮಾಚಾರ’ದ ಹಾಗೆ. 2009ರಲ್ಲಿ ಶುರುವಾದ ವಾಟ್ಸ್‌ಆ್ಯಪ್‌ಗೆ ಹೆಸರು ಬಂದದ್ದೂ ಈ ಮಾತಿನಿಂದಲೇ. ಅದಕ್ಕೆ ‘ಏನಿಲ್ಲ, ನೀನು ಹೇಳು’ ಎಂದರೆ ಸಾಕು. ವಾರಕ್ಕೆ ನಾಲ್ಕು ಸಲ ಮಾತಾಡುವವರ ನಡುವೆ ‘what's up’ ಚೆನ್ನಾಗಿ ನಡೆಯುತ್ತದೆ, ಹಿಂದಿನ ಸುದ್ದಿ ಇಬ್ಬರಿಗೂ ಗೊತ್ತಿರುತ್ತದೆ. ಮೂರು ವರ್ಷದ ಮೇಲೆ ಬಂದ ‘what's up’ಗೆ ಎಲ್ಲಿಂದ ಹೇಳಲು ಶುರು ಮಾಡುವುದು? ಅಂಥವರಿಗೆ ಬರೀ ‘hru’ ಹಾಕಿದರೂ ‘ಏನೋ ಕೆಲಸ ಬಿದ್ದಿದೆ, ಸಾಲ ಕೇಳುತ್ತಾನೇನೋ’ ಎಂದುಕೊಳ್ಳುತ್ತಾರೆ. ಯಾಕೆ ನೆನಪಾಯಿತು ಎಂಬುದನ್ನು ಮೊದಲ ಸಾಲಲ್ಲೇ ಬರೆಯಿರಿ: ‘ಇವತ್ತು ಅಂತರಗಂಗೆಗೆ ಹೋಗಿದ್ದೆ, ನಾವು ಕಾಲೇಜಿನಲ್ಲಿದ್ದಾಗ ಹತ್ತಿದ್ದು ನೆನಪಾಯ್ತು.’

ಎರಡನೆಯ ಹೆಜ್ಜೆ, ವಿಷಯವನ್ನು ಅದೇ ಮೆಸೇಜಿನಲ್ಲಿ ಸೇರಿಸುವುದು. ಫೋನ್ ತೆರೆಯದೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ‘hru’ ಎಂದು ಕಳಿಸಿ ಉತ್ತರಕ್ಕೆ ಕಾದರೆ, ಕೆಲಸದಲ್ಲಿರುವವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ಮಂಡಿಯ ಆ ಹುಡುಗನಿಗೆ ನಾನು ಬರೆದುಕೊಟ್ಟದ್ದು ಹೀಗೆ:

‘ಅಣ್ಣಾ ನಮಸ್ಕಾರ. ನಾಳೆ 60 ಬಾಕ್ಸ್ ತರ್ತೀನಿ, ಹಣ್ಣು ಗಟ್ಟಿ ಇದೆ. ಇವತ್ತು 15 ಕೆಜಿ ಬಾಕ್ಸ್ ಎಷ್ಟಕ್ಕೆ ಹೋಯ್ತು? ಹರಾಜು ಮುಗಿದ ಮೇಲೆ ಹೇಳಿ ಸಾಕು.’

ಇಲ್ಲಿ ‘ಹೇಗಿದ್ದೀರಾ’ ಕೂಡ ಇಲ್ಲ, ಗಮನಿಸಿ. ಮಂಡಿಯವರಿಗೆ ಆ ಹೊತ್ತಿನಲ್ಲಿ ಕ್ಷೇಮ ಹೇಳಲು ಬಿಡುವಿರುವುದಿಲ್ಲ. ‘ಅಣ್ಣಾ ನಮಸ್ಕಾರ’ದಲ್ಲಿ ಮರ್ಯಾದೆ ಬಂತು, ‘60 ಬಾಕ್ಸ್’ನಲ್ಲಿ ವಿಷಯ ಬಂತು, ‘ಮುಗಿದ ಮೇಲೆ’ ಎಂಬಲ್ಲಿ ಅವರ ಕೆಲಸದ ಮೇಲಿನ ಕಾಳಜಿ ಬಂತು. ಮಾರನೇ ದಿನ ಅವನಿಗೆ ಉತ್ತರ ಬಂತು. ಹರಾಜು ಮುಗಿದ ಮೇಲೆ ಅವರೇ ಫೋನ್ ಮಾಡಿದ್ದರು.

ಹಿರಿಯರೇ ‘hru’ ಕಳಿಸಿದರೆ? ಮ್ಯಾನೇಜರ್ ಹಾಗೆ ಬರೆದರು ಎಂದು ನೀವೂ ‘fine, hru’ ಎಂದು ವಾಪಸ್ ಕಳಿಸಬೇಡಿ. ‘ಚೆನ್ನಾಗಿದ್ದೀನಿ ಸರ್, ನೀವು ಹೇಗಿದ್ದೀರಾ?’ ಎನ್ನಿ.

ಹೆಣ್ಣುಮಕ್ಕಳಿಗೆ ಮೆಸೇಜು ಮಾಡುವ ಗಂಡುಮಕ್ಕಳಿಗೆ ಇನ್ನೊಂದು ಮಾತು. ಸ್ವಲ್ಪವೇ ಪರಿಚಯವಿರುವ ಹುಡುಗಿಗೆ ರಾತ್ರಿ ಹೊತ್ತಿನಲ್ಲಿ ಹೆಸರಿಲ್ಲದ, ವಿಷಯವಿಲ್ಲದ ‘hru’ ಹೋದರೆ ಅವಳಿಗೆ ಭಯ, ಕಿರಿಕಿರಿ ಎರಡೂ ಆಗುತ್ತದೆ. ನಂಬರನ್ನು ಬ್ಲಾಕ್ ಮಾಡಿದರೆ ಅವಳ ತಪ್ಪಲ್ಲ. ಹಗಲಲ್ಲಿ ಕಳಿಸಿ. ನೀವು ಯಾರು, ನಂಬರ್ ಎಲ್ಲಿ ಸಿಕ್ಕಿತು, ಏನು ಕೆಲಸ, ಮೂರನ್ನೂ ಬರೆಯಿರಿ.

ಎಡವಿದ್ದು ಗೊತ್ತಾಗುವುದು ಹೇಗೆ? ನೀಲಿ ಟಿಕ್ ಬಂದು ಉತ್ತರ ಬರದಿರುವುದು ಒಂದು ಗುರುತು, ಆದರೆ ಸುಮ್ನೆ ಕೆಲಸದಲ್ಲೂ ಇರಬಹುದು. ‘ಹೇಳಿ’, ‘yes tell’ ಎಂದಷ್ಟೇ ಬಂದರೆ ನಿಮ್ಮ ವಿಷಯಕ್ಕೆ ಕಾಯುತ್ತಿದ್ದಾರೆ, ಕ್ಷೇಮದ ಮಾತು ಸಾಕು ಎಂದರ್ಥ. ಯಾವಾಗಲೂ ‘ನೀನು’ ಎನ್ನುವವರು ಇದ್ದಕ್ಕಿದ್ದಂತೆ ‘ಚೆನ್ನಾಗಿದ್ದೀನಿ, ನೀವು?’ ಎಂದರೆ ಬೇಜಾರಾಗಿದೆ. ಆಗ ಇನ್ನೊಂದು ‘??’ ಕಳಿಸಬೇಡಿ. ಪೂರ್ತಿ ವಾಕ್ಯದಲ್ಲಿ ವಿಷಯ ಬರೆಯಿರಿ, ಇಲ್ಲದಿದ್ದರೆ ಫೋನ್ ಮಾಡಿ.

ಒಂದು ಸಲ ನಾನೇ ಹೀಗೆ ಮಾಡಿದ್ದೆ. ಚಿಂತಾಮಣಿಯಲ್ಲಿರುವ ಗೆಳೆಯನಿಗೆ ಎಂದಿನಂತೆ ‘hru’ ಹಾಕಿದೆ. ಹಿಂದಿನ ದಿನ ಅವನ ತಂದೆ ತೀರಿಕೊಂಡಿದ್ದರು. ಅವನ ಸ್ಟೇಟಸ್‌ನಲ್ಲಿ ಫೋಟೊ, ದಿನಾಂಕ ಎಲ್ಲ ಇತ್ತು, ನಾನು ನೋಡಿರಲಿಲ್ಲ. ಅವನು ‘ok’ ಎಂದು ಬರೆದ. ಎಷ್ಟೇ ಸಲಿಗೆ ಇದ್ದರೂ ಸಾವಿನ ಮನೆಯಲ್ಲಿರುವವನು ಆ ಪ್ರಶ್ನೆಗೆ ಏನು ಹೇಳಬೇಕು? ಅಂದಿನಿಂದ, ನಾಲ್ಕೈದು ದಿನ ಮಾತಿಲ್ಲದವರಿಗೆ ಬರೆಯುವ ಮುಂಚೆ ಸ್ಟೇಟಸ್ ನೋಡುತ್ತೇನೆ. ಅವತ್ತು ವಿಷಯ ತಿಳಿದ ಮೇಲೆ ಬರೆದದ್ದು ಒಂದೇ ಸಾಲು: ‘ಈಗ ಗೊತ್ತಾಯ್ತು ಕಣೋ, ಸಂಜೆ ಬಸ್ಸಿಗೆ ಬರ್ತಿದ್ದೀನಿ.’