ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಪೋಸ್ಟ್ ಹಾಕುವುದು ಯಾವ ಹೊತ್ತಿಗೆ?

ಬೆಂಗಳೂರಿನ ಲಗ್ಗೆರೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿಯೊಂದಿದೆ ಎಂದುಕೊಳ್ಳಿ. ಗಿರಾಕಿಗಳಲ್ಲಿ ಹೆಚ್ಚಿನವರು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಂಗಸರು. ಅಂಗಡಿಯವರು ಬೆಳಗ್ಗೆ 11ಕ್ಕೆ, ತಮ್ಮ ಕೈ ಬಿಡುವಾದಾಗ, ಹೊಸ ಡಿಸೈನ್ ಇನ್‌ಸ್ಟಾಗ್ರಾಂಗೆ ಹಾಕುತ್ತಾರೆ. ಆದರೆ ಆ ಹೊತ್ತಿಗೆ ಗಿರಾಕಿಗಳು ಮಷಿನ್ ಮುಂದೆ ಕೂತಿರುತ್ತಾರಲ್ವಾ?

ಮೊದಲು ಗಿರಾಕಿಯ ದಿನವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅಳತೆ ಕೊಡಲು ಬಂದವರನ್ನೇ ಕೇಳಿ: ಬಸ್ ಎಷ್ಟಕ್ಕೆ, ಊಟದ ಬಿಡುವು ಯಾವಾಗ, ಫೋನ್ ಕೈಗೆ ಸಿಗುವುದು ಯಾವಾಗ? ಸಂಜೆ 6ಕ್ಕೆ ಮನೆಗೆ ಬಂದವರು ನೀರು, ಅಡುಗೆ, ಮಕ್ಕಳು ಅಂತ ಓಡಾಡುತ್ತಾರೆ. ಹಾಗಾಗಿ ‘ಕೆಲಸ ಬಿಟ್ಟ ಮೇಲೆ’ ಎಂಬ ಲೆಕ್ಕ ಇಲ್ಲಿ ಸರಿ ಬರುವುದಿಲ್ಲ. ಉಳಿಯುವುದು ಊಟದ ಬಿಡುವು ಮತ್ತು ರಾತ್ರಿ 9ರ ನಂತರದ ಹೊತ್ತು.

ಆಮೇಲೆ ಇನ್‌ಸ್ಟಾಗ್ರಾಂನ Insights ನೋಡಿ. ಅದಕ್ಕೆ ನಿಮ್ಮದು ಪ್ರೊಫೆಷನಲ್ ಅಕೌಂಟ್ ಆಗಿರಬೇಕು. ಫಾಲೋವರ್‌ಗಳು ಯಾವ ದಿನ, ಯಾವ ಗಂಟೆಯಲ್ಲಿ ಹೆಚ್ಚು ಇರುತ್ತಾರೆ ಎಂದು ಅಲ್ಲಿ ತೋರಿಸುತ್ತದೆ. ಪೂರ್ತಿ ನಂಬಬೇಡಿ. ನೆಂಟರು, ಬೇರೆ ಊರಿನ ಟೈಲರ್‌ಗಳು ಎಲ್ಲರೂ ಆ ಲೆಕ್ಕದಲ್ಲಿ ಸೇರಿರುತ್ತಾರೆ. ಹಾಳೆಗೂ ಅದಕ್ಕೂ ಹೊಂದದಿದ್ದರೆ ನಾನಾದರೆ ಹಾಳೆಯನ್ನೇ ನಂಬುತ್ತೇನೆ.

ಈಗ ಪರೀಕ್ಷೆ. ಮೊದಲ ವಾರ ಮಂಗಳವಾರ ಮಧ್ಯಾಹ್ನ 12:30ಕ್ಕೆ ಒಂದು, ಗುರುವಾರ ರಾತ್ರಿ 8:45ಕ್ಕೆ ಒಂದು ಪೋಸ್ಟ್ ಹಾಕಿ. ಮುಂದಿನ ವಾರ ಮಂಗಳವಾರ ರಾತ್ರಿ, ಗುರುವಾರ ಮಧ್ಯಾಹ್ನ. ಹೀಗೆ ಅದಲು ಬದಲು ಮಾಡುತ್ತ ನಾಲ್ಕು ವಾರ ನಡೆಸಿ. ಎರಡೂ ಹೊತ್ತಿಗೆ ಒಂದೇ ಬಗೆಯ ಪೋಸ್ಟ್ ಇರಲಿ. ಒಮ್ಮೆ ಫೋಟೊ, ಒಮ್ಮೆ ರೀಲ್ ಹಾಕಿದರೆ ಗೆದ್ದದ್ದು ಹೊತ್ತೋ ರೀಲೋ ಗೊತ್ತಾಗುವುದಿಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ಸಂಬಳದ ವಾರ. ಸಂಬಳ ಸಾಮಾನ್ಯವಾಗಿ ತಿಂಗಳ ಮೊದಲ ಹತ್ತು ದಿನಗಳೊಳಗೆ ಬರುತ್ತದೆ. ಆ ವಾರ ಯಾವಾಗ ಹಾಕಿದರೂ ವಿಚಾರಿಸುವವರು ಜಾಸ್ತಿ, ತಿಂಗಳ ಕೊನೆಯಲ್ಲಿ ಕಡಿಮೆ. ಆದ್ದರಿಂದ ಹೋಲಿಸುವುದಾದರೆ ಅದೇ ವಾರದ ಎರಡು ಪೋಸ್ಟ್‌ಗಳನ್ನು ಹೋಲಿಸಿ. ಎಣಿಸಬೇಕಾದ್ದು ಲೈಕ್ ಅಲ್ಲ, ‘ರೇಟ್ ಎಷ್ಟು?’ ಎಂದು ಬಂದ ಮೆಸೇಜ್.

ವಾರಕ್ಕೆ ಎಷ್ಟು? ಇಂಥ ಅಂಗಡಿಗೆ ಎರಡು, ಹೆಚ್ಚೆಂದರೆ ಮೂರು ಸಾಕು. ಒಂದೇ ದಿನ ಐದು ಡಿಸೈನ್ ಸುರಿದರೆ ಅರ್ಧ ಗಂಟೆ ಬಿಡುವಿರುವವರು ಐದನ್ನೂ ನೋಡುವುದಿಲ್ಲ. ಉಳಿದದ್ದಕ್ಕೆ ವಾಟ್ಸಾಪ್ ಸ್ಟೇಟಸ್ ಇದೆ. ಅದು 24 ಗಂಟೆ ಇರುವುದರಿಂದ ರಾತ್ರಿ 8ಕ್ಕೆ ಹಾಕಿದ್ದನ್ನು ಮಲಗುವ ಮುಂಚೆಯೂ ನೋಡಬಹುದು, ಮರುದಿನ ಊಟದ ಹೊತ್ತಿಗೂ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಸ್ಟೇಟಸ್ ಕಾಣುವುದಿಲ್ಲ. ಅಳತೆ ಬರೆದುಕೊಳ್ಳುವಾಗಲೇ ಸೇವ್ ಮಾಡಿಸಿ.

ರಾತ್ರಿಯ ಹೊತ್ತೇ ಗೆದ್ದರೆ 10ರವರೆಗೆ ಉತ್ತರ ಕೊಡಲು ಒಬ್ಬರು ಬೇಕು. ಬೆಳಗ್ಗೆ 11ಕ್ಕೆ ರೇಟ್ ಹೇಳಿದರೆ ಅವರು ಅದನ್ನು ನೋಡುವುದು ಮತ್ತೆ ಊಟಕ್ಕೆ ಎದ್ದಾಗಲೇ. ಅಷ್ಟರಲ್ಲಿ ಪಕ್ಕದ ಮಷಿನ್‌ನವರು ಬೇರೆ ಟೈಲರ್ ಹೆಸರು ಹೇಳಿರುತ್ತಾರೆ.